ಬಾಡಿಗೆ ಕಡಿಮೆ ಅಂತ ಹಾಲ್ ಹಿಡಿಯಬೇಡಿ: ಎರಡು ದೇವಸ್ಥಾನಕ್ಕೆ ಒಂದೇ ಪತ್ರ ಬರೆದ ಕಥೆ

ಅಪ್ಪ ಹುಟ್ಟಿದ್ದು 1966ರಲ್ಲಿ, ಪರಾಭವ ಸಂವತ್ಸರದ ಶ್ರಾವಣದಲ್ಲಿ. ಅರವತ್ತು ಸಂವತ್ಸರ ಒಂದು ಸುತ್ತು ಹಾಕಿ 2026ರ ಯುಗಾದಿಗೆ ಮತ್ತೆ ಪರಾಭವವೇ ಬಂತು. ಷಷ್ಟಿಪೂರ್ತಿ ಶಾಂತಿಯನ್ನು ಹುಟ್ಟಿದ ತಿಂಗಳಲ್ಲಿ ಜನ್ಮನಕ್ಷತ್ರ ಬರುವ ದಿನ ಮಾಡಬೇಕು ಎಂದರು ನಮ್ಮ ಪುರೋಹಿತರು. ಲೆಕ್ಕ ಹಾಕಿ ಆಗಸ್ಟ್ 25 ಎಂದು ಹೇಳಿದರು. ಮಂಗಳವಾರ ಎಂದು ಅತ್ತೆ ಮೂಗು ಮುರಿದರು. ಶಾಂತಿಗೆ ನಕ್ಷತ್ರ ನೋಡುತ್ತಾರೆ, ವಾರ ಅಲ್ಲ ಎಂದು ಪುರೋಹಿತರು ಸಮಾಧಾನ ಮಾಡಿದರು. ನನಗಂತೂ ಖುಷಿಯೇ ಆಯಿತು. ಈ ಸಲ ಅಧಿಕ ಜ್ಯೇಷ್ಠ, ಅದಾದ ಮೇಲೆ ಸ್ವಲ್ಪ ದಿನಕ್ಕೆ ಆಷಾಢ. ಎರಡರಲ್ಲೂ ಮದುವೆ ಇಲ್ಲ. ಹಾಗಾಗಿ ಶ್ರಾವಣ ಬಂದ ಕೂಡಲೇ ಎಲ್ಲರೂ ಒಟ್ಟಿಗೆ ಹಾಲ್‌ಗೆ ಮುಗಿಬೀಳುತ್ತಾರೆ. ವಾರದ ನಡುವಿನ ದಿನವಾದರೆ ಸಿಗುವ ಸಾಧ್ಯತೆ ಜಾಸ್ತಿ.

ಮೈಸೂರಿನ ನಮ್ಮ ಬಡಾವಣೆಯ ಸುತ್ತ ಎರಡು ದೇವಸ್ಥಾನಗಳಲ್ಲಿ ಹಾಲ್ ಇದೆ. ಒಂದು ಮುಜರಾಯಿ ಇಲಾಖೆಯದು. ದೇವಸ್ಥಾನ ಹಳೆಯದು, ಪಕ್ಕದಲ್ಲಿ ಒಂದು ಸಮುದಾಯ ಭವನ ಕಟ್ಟಿದ್ದಾರೆ. ಇನ್ನೊಂದು ಟ್ರಸ್ಟ್ ನಡೆಸುವ ದೇವಸ್ಥಾನ. ಅಲ್ಲಿ ಹಾಲ್, ಅಡುಗೆಮನೆ, ಹೋಮಶಾಲೆ ಎಲ್ಲ ಒಂದೇ ಕಾಂಪೌಂಡಿನಲ್ಲಿವೆ. ಮೊದಲನೆಯದರ ಬಾಡಿಗೆ ಎಂಟು ಸಾವಿರ, ಎರಡನೆಯದು ಹದಿನೈದು ಸಾವಿರ. "ಯೋಚನೆ ಮಾಡೋದೇನಿದೆ?" ಎಂದರು ಅಪ್ಪ.

ಯೋಚನೆ ಮಾಡುವುದಿತ್ತು. ಮೂರು ವರ್ಷದ ಹಿಂದೆ ಚಿಕ್ಕಪ್ಪನ ಮಗನ ಉಪನಯನ ಬೇರೆ ಊರಿನ ಒಂದು ದೇವಸ್ಥಾನದ ಹಾಲ್‌ನಲ್ಲಿ ಆಯಿತು. ಫೋನಿನಲ್ಲಿ ಕೇಳಿದಾಗ ಕಚೇರಿಯವರು "ಎಲ್ಲಾ ಇದೆ ಸಾರ್, ಬನ್ನಿ ನೀವು" ಎಂದಿದ್ದರು. ಬೆಳಿಗ್ಗೆ ಆರಕ್ಕೆ ಇಟ್ಟಿಗೆ ಜೋಡಿಸಿ ಹೋಮಕುಂಡ ಮಾಡುತ್ತಿದ್ದಾಗ ಕಾವಲುಗಾರ ಓಡಿ ಬಂದ. ಹಾಲ್ ಒಳಗೆ ಹೋಮ ಹಾಕುವ ಹಾಗಿಲ್ಲ, ಹಿಂದೊಮ್ಮೆ ಶಾಖಕ್ಕೆ ಟೈಲ್ಸ್ ಸಿಡಿದಿದೆ, ಫಾಲ್ಸ್ ಸೀಲಿಂಗ್ ಕಪ್ಪಾಗಿದೆ ಎಂದ. ಕುಂಡವನ್ನು ಅಂಗಳಕ್ಕೆ ಸಾಗಿಸಿದೆವು. ಎಂಟೂವರೆಗೆ ಮಳೆ ಬಂತು. ವಟು ಮೇಲೆ ಒಬ್ಬರು, ಅಗ್ನಿಯ ಮೇಲೆ ಇಬ್ಬರು ಕೊಡೆ ಹಿಡಿದು ನಿಂತ ಫೋಟೊ ಈಗಲೂ ಚಿಕ್ಕಪ್ಪನ ಮನೆಯ ಆಲ್ಬಮ್ಮಿನಲ್ಲಿದೆ. ಆ ಕಚೇರಿಯವರು ಸುಳ್ಳು ಹೇಳಿರಲಿಲ್ಲ. ನಾವು ಹೋಮದ ಬಗ್ಗೆ ಕೇಳಿರಲೇ ಇಲ್ಲ.

ಅದಕ್ಕೇ ಈ ಸಲ ಫೋನ್ ಮಾಡಲಿಲ್ಲ. ಎರಡೂ ಕಚೇರಿಗೆ ಒಂದೇ ಪತ್ರ, ಒಂದೇ ಪ್ರಶ್ನೆಗಳು, ಅದೇ ಕ್ರಮದಲ್ಲಿ. ಆಗ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು.

ಯಾರಿಗೆ ಬರೆಯಬೇಕು

ಮುಜರಾಯಿ ದೇವಸ್ಥಾನಗಳನ್ನು ವರ್ಷದ ಆದಾಯ ನೋಡಿ ಎ, ಬಿ, ಸಿ ಎಂದು ವಿಂಗಡಿಸಿದ್ದಾರೆ. 25 ಲಕ್ಷ ಮೀರಿದರೆ ಎ, 5ರಿಂದ 25 ಲಕ್ಷದವರೆಗೆ ಬಿ, 5 ಲಕ್ಷಕ್ಕಿಂತ ಕಡಿಮೆ ಇದ್ದರೆ ಸಿ. ದೊಡ್ಡ ದೇವಸ್ಥಾನಕ್ಕೆ ಕಾರ್ಯನಿರ್ವಹಣಾಧಿಕಾರಿ ಇರುತ್ತಾರೆ, ಪತ್ರ ಅವರ ಹೆಸರಿಗೆ ಹೋಗಬೇಕು. ಚಿಕ್ಕದಾದರೆ ವ್ಯವಸ್ಥಾಪನಾ ಸಮಿತಿಯ ಅಧ್ಯಕ್ಷರಿಗೆ ಬರೆಯಿರಿ. ಸಮಿತಿಯೇ ಇಲ್ಲದಿದ್ದರೆ ತಾಲ್ಲೂಕು ಕಚೇರಿಯ ಮುಜರಾಯಿ ವಿಭಾಗದಲ್ಲಿ ವಿಚಾರಿಸಬೇಕು. ಟ್ರಸ್ಟ್ ಆದರೆ ಕಾರ್ಯದರ್ಶಿ ಅಥವಾ ವ್ಯವಸ್ಥಾಪಕರು. ಅರ್ಚಕರ ಕೈಗೆ ಪತ್ರ ಕೊಟ್ಟು ಬರಬೇಡಿ. ಅವರು ಒಳ್ಳೆಯವರೇ, ಆದರೆ ಹಾಲ್ ಅವರ ಕೈಯಲ್ಲಿಲ್ಲ. ಪತ್ರ ಮಂಗಳಾರತಿ ತಟ್ಟೆಯ ಕೆಳಗೇ ಉಳಿದುಬಿಡಬಹುದು.

ಎರಡು ಪ್ರತಿ ತೆಗೆದುಕೊಂಡು ಹೋಗಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ.

ನಾವು ಬರೆದ ಪತ್ರ

ದಿನಾಂಕ: 15-04-2026

ಇವರಿಗೆ,
ಕಾರ್ಯನಿರ್ವಹಣಾಧಿಕಾರಿಗಳು,
(ದೇವಸ್ಥಾನದ ಹೆಸರು, ವಿಳಾಸ)

ಮಾನ್ಯರೇ,

ವಿಷಯ: 25-08-2026, ಮಂಗಳವಾರ ಷಷ್ಟಿಪೂರ್ತಿ ಶಾಂತಿಗೆ ಹಾಲ್ ಮತ್ತು ಪುರೋಹಿತರ ವ್ಯವಸ್ಥೆಯ ಬಗ್ಗೆ

ನಮ್ಮ ತಂದೆಯವರ ಷಷ್ಟಿಪೂರ್ತಿ ಶಾಂತಿಯನ್ನು ತಮ್ಮ ದೇವಸ್ಥಾನದ ಹಾಲ್‌ನಲ್ಲಿ ಮಾಡಬೇಕೆಂದಿದ್ದೇವೆ. ಸುಮಾರು 150 ಜನ ಬರುತ್ತಾರೆ. ನವಗ್ರಹ ಮತ್ತು ಮೃತ್ಯುಂಜಯ ಹೋಮ, ಕಲಶಾಭಿಷೇಕ, ಮಾಂಗಲ್ಯಧಾರಣೆ, ಮಧ್ಯಾಹ್ನದ ಊಟ ಇರುತ್ತದೆ. ನಾವು ಯಜುರ್ವೇದದವರು, ಆಪಸ್ತಂಬ ಸೂತ್ರ. ಈ ಕೆಳಗಿನ ವಿಷಯಗಳನ್ನು ತಿಳಿಸಿಕೊಡಬೇಕೆಂದು ವಿನಂತಿ.

1. ಆ ದಿನ ಹಾಲ್ ಖಾಲಿ ಇದೆಯೇ? ದೇವಸ್ಥಾನದ ಉತ್ಸವ ಅಥವಾ ವಿಶೇಷ ಪೂಜೆ ಏನಾದರೂ ಇದೆಯೇ?
2. ಒಂದು ದಿನದ ಬಾಡಿಗೆ ಎಂದರೆ ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ? ಹಿಂದಿನ ಸಂಜೆಯೇ ಅಡುಗೆಯವರು ಬರಬಹುದೇ?
3. ಬಾಡಿಗೆಯಲ್ಲಿ ಜಿಎಸ್‌ಟಿ ಸೇರಿದೆಯೇ? ಕರೆಂಟ್, ನೀರು, ಕ್ಲೀನಿಂಗ್, ಪಾತ್ರೆ, ಜನರೇಟರ್ ಇವುಗಳಿಗೆ ಬೇರೆ ಕೊಡಬೇಕೇ? ಎಷ್ಟು?
4. ಹೋಮ ಎಲ್ಲಿ ಮಾಡಬಹುದು? ಮಳೆ ಬಂದರೆ ಏನು ವ್ಯವಸ್ಥೆ? ಅಭಿಷೇಕಕ್ಕೆ ನೀರು ಹರಿದುಹೋಗುವ ಜಾಗ, ಬಟ್ಟೆ ಬದಲಿಸುವ ಕೋಣೆ ಇದೆಯೇ?
5. ತಮ್ಮಲ್ಲಿ ಪುರೋಹಿತರನ್ನು ಒದಗಿಸುತ್ತೀರಾ? ಎಷ್ಟು ಜನ ಬರುತ್ತಾರೆ, ಸಾಮಗ್ರಿ ಸೇರಿ ಶುಲ್ಕ ಎಷ್ಟು, ರಸೀದಿ ಕೊಡುತ್ತೀರಾ? ನಮ್ಮ ಮನೆ ಪುರೋಹಿತರನ್ನೇ ಕರೆತಂದರೆ ಅಭ್ಯಂತರವಿದೆಯೇ?
6. ಅಡುಗೆ ತಮ್ಮವರಿಂದಲೇ ಆಗಬೇಕೇ? ಎಲೆಗೆ ಎಷ್ಟು? ಕನಿಷ್ಠ ಎಷ್ಟು ಎಲೆಗೆ ಹಣ ಕಟ್ಟಬೇಕು?
7. ಮುಂಗಡ ಎಷ್ಟು? ಸೂತಕ ಬಂದು ಕಾರ್ಯ ನಿಂತರೆ ಹಣ ವಾಪಸ್ ಬರುತ್ತದೆಯೇ, ಅಥವಾ ದಿನ ಬದಲಾಯಿಸಿಕೊಡುತ್ತೀರಾ?

ತಮ್ಮ ಉತ್ತರ ಬಂದ ಕೂಡಲೇ ಮುಂಗಡ ಕಟ್ಟುತ್ತೇವೆ.

ವಂದನೆಗಳೊಂದಿಗೆ,
(ಸಹಿ, ಹೆಸರು, ಫೋನ್)

ಕೊನೆಯ ಸಾಲು ಸುಮ್ನೆ ಬರೆದದ್ದಲ್ಲ. ಹಣ ಕಟ್ಟಲು ತಯಾರಾಗಿರುವವರ ಪತ್ರಕ್ಕೆ ಬೇಗ ಉತ್ತರ ಬರುತ್ತದೆ.

ಉತ್ತರ ಬಂದ ಮೇಲೆ

ಟ್ರಸ್ಟಿನವರು ಐದು ದಿನಕ್ಕೆ ಅಚ್ಚು ಹಾಕಿದ ದರಪಟ್ಟಿ ಕಳಿಸಿದರು, ಜೊತೆಗೆ ಅರ್ಧ ಪುಟದ ಪತ್ರ. ಮುಜರಾಯಿ ಕಚೇರಿಗೆ ಎರಡು ಸಲ ಹೋಗಬೇಕಾಯಿತು. ಕೊನೆಗೆ ನಮ್ಮ ಪತ್ರದ ಹಿಂದೆಯೇ ಗುಮಾಸ್ತರು ಚೆಂದದ ಅಕ್ಷರದಲ್ಲಿ ಉತ್ತರ ಬರೆದು ಸೀಲು ಹಾಕಿಕೊಟ್ಟರು. ನನಗೆ ಅದೂ ಆಗುತ್ತದೆ.

ಮೊದಲು ಸಮಯದ ಪ್ರಶ್ನೆ. ಮುಜರಾಯಿ ಭವನದಲ್ಲಿ ಒಂದು ದಿನ ಎಂದರೆ ಬೆಳಿಗ್ಗೆ ಆರರಿಂದ ಸಂಜೆ ಆರು. ಕೇಳಲು ಚೆನ್ನಾಗಿದೆ. ಆದರೆ ನಮ್ಮ ಹೋಮ ಶುರುವಾಗುವುದೇ ಏಳಕ್ಕೆ. ಏಳೂವರೆಗೆ ತಿಂಡಿ ಬಡಿಸಬೇಕು. ತರಕಾರಿ ಹೆಚ್ಚುವವರು ಬೆಳಗಿನ ಜಾವ ನಾಲ್ಕಕ್ಕೇ ಒಳಗಿರಬೇಕು. ಅಂದರೆ ಹಿಂದಿನ ಸಂಜೆಯಿಂದ ಹಾಲ್ ಬೇಕು, ಅದಕ್ಕೆ ಅರ್ಧ ದಿನದ ಬಾಡಿಗೆ, ನಾಲ್ಕು ಸಾವಿರ. ಟ್ರಸ್ಟಿನವರು ಹಿಂದಿನ ಸಂಜೆ ಐದರಿಂದ ಮರುದಿನ ಸಂಜೆ ಐದರವರೆಗೆ ಒಂದೇ ಬಾಡಿಗೆಯಲ್ಲಿ ಕೊಡುತ್ತಾರೆ. ಹೀಗೆ ಎಂಟು ಸಾವಿರ ಹನ್ನೆರಡು ಸಾವಿರವಾಯಿತು.

ಆಮೇಲೆ ಜಿಎಸ್‌ಟಿ. ಆದಾಯ ತೆರಿಗೆಯಲ್ಲಿ ನೋಂದಣಿ ಆದ ಧಾರ್ಮಿಕ ಟ್ರಸ್ಟ್ ತನ್ನ ದೇವಸ್ಥಾನದ ಆವರಣದ ಹಾಲ್ ಕೊಟ್ಟರೆ, ದಿನದ ಬಾಡಿಗೆ 10,000 ರೂಪಾಯಿಗಿಂತ ಕಡಿಮೆ ಇದ್ದರೆ ತೆರಿಗೆ ಇಲ್ಲ. 10,000 ಅಥವಾ ಅದಕ್ಕಿಂತ ಹೆಚ್ಚಾದರೆ 18 ಪರ್ಸೆಂಟ್ ಬೀಳುತ್ತದೆ. ನಮ್ಮ ಹದಿನೈದು ಸಾವಿರಕ್ಕೆ 2,700 ಸೇರಿ 17,700 ಆಯಿತು. ಮುಜರಾಯಿ ಭವನದ ಬಾಡಿಗೆ ದಿನಕ್ಕೆ ಎಂಟೇ ಸಾವಿರ. ಅಲ್ಲಿ ಜಿಎಸ್‌ಟಿ ಇಲ್ಲ ಎಂದು ಗುಮಾಸ್ತರೂ ಬರೆದುಕೊಟ್ಟರು. ಇಲ್ಲಿ ಒಂದು ವಿಷಯ ಗಮನಿಸಿ. ಪೂಜೆ, ಹೋಮ ಮಾಡಿಸುವುದಕ್ಕೆ ಜಿಎಸ್‌ಟಿ ಇಲ್ಲವೇ ಇಲ್ಲ. ಹಾಲ್, ಪೂಜೆ ಎಲ್ಲ ಸೇರಿಸಿ ಒಂದೇ ಪ್ಯಾಕೇಜ್ ಎಂದು ಬರೆದು ಮೊತ್ತದ ಮೇಲೆಲ್ಲ ತೆರಿಗೆ ಹಾಕಿದ್ದರೆ, ಬಾಡಿಗೆ ಬೇರೆ, ಹೋಮದ ಶುಲ್ಕ ಬೇರೆ ಮಾಡಿ ರಸೀದಿ ಕೊಡಿ ಎಂದು ಕೇಳಬಹುದು. ಹೋಮದ ಶುಲ್ಕ ಇಪ್ಪತ್ತು ಸಾವಿರ ಇದ್ದರೆ ಅದರ ಮೇಲಿನ ತೆರಿಗೆ 3,600 ಉಳಿಯುತ್ತದೆ.

ಪುರೋಹಿತರು ಯಾರು

ಇಲ್ಲಿ ಜನ ಜಾಸ್ತಿ ಗೊಂದಲ ಮಾಡಿಕೊಳ್ಳುತ್ತಾರೆ. ಗರ್ಭಗುಡಿಯಲ್ಲಿ ಪೂಜೆ ಮಾಡುವವರು ಅರ್ಚಕರು. ಅವರ ಪೂಜೆ ಆ ದೇವಸ್ಥಾನದ ಆಗಮದ ಪ್ರಕಾರ ನಡೆಯುತ್ತದೆ. ಮನೆಯ ಕಾರ್ಯ, ಅಂದರೆ ನಾಮಕರಣ, ಉಪನಯನ, ಶಾಂತಿ, ಇವು ನಡೆಯುವುದು ಮನೆತನದ ಗೃಹ್ಯಸೂತ್ರದ ಪ್ರಕಾರ. ಋಗ್ವೇದದವರಿಗೆ ಆಶ್ವಲಾಯನ, ಯಜುರ್ವೇದದವರಲ್ಲಿ ಆಪಸ್ತಂಬ, ಬೋಧಾಯನ ಹೀಗೆ. ಒಬ್ಬರೇ ಎರಡೂ ಬಲ್ಲವರಿರಬಹುದು, ಆದರೆ ಇರಲೇಬೇಕು ಎಂದೇನಿಲ್ಲ. ಪತ್ರದಲ್ಲಿ ಸೂತ್ರ ಬರೆದದ್ದು ಇದಕ್ಕೇ. ಲಿಂಗಾಯತರ ಮನೆಯಾದರೆ ಅಯ್ಯನೋರು ಬರುತ್ತಾರೆ. ಅವರು ಬಂದು ಕಾರ್ಯ ಮಾಡಿಸಲು ಕಚೇರಿಯ ಒಪ್ಪಿಗೆ ಇದೆಯೇ ಎಂಬುದೇ ಆಗ ಕೇಳಬೇಕಾದ ಪ್ರಶ್ನೆ.

ಮುಜರಾಯಿ ಕಚೇರಿ ಪುರೋಹಿತರನ್ನು ಒದಗಿಸುವುದಿಲ್ಲ ಎಂದು ನೇರವಾಗಿ ಬರೆದರು. ನಮ್ಮವರನ್ನು ಕರೆತರಬಹುದು, ಅದಕ್ಕೆ ಸಾವಿರ ರೂಪಾಯಿಯ ರಸೀದಿ. ನಮ್ಮ ಪುರೋಹಿತರು ಇನ್ನೂ ಮೂವರನ್ನು ಸೇರಿಸಿಕೊಂಡು ಬಂದರೆ ದಕ್ಷಿಣೆ 18,000. ಸಾಮಗ್ರಿ ನಮ್ಮದೇ: ಕಲಶಗಳು, ಒಂಬತ್ತು ಬಣ್ಣದ ಬಟ್ಟೆ, ನವಧಾನ್ಯ, ಸಮಿತ್ತು, ತುಪ್ಪ, ದರ್ಭೆ. ಅಂಗಡಿಯಲ್ಲಿ ಕೇಳಿದರೆ ಸುಮಾರು 7,000 ಎಂದರು. ಟ್ರಸ್ಟಿನಲ್ಲಿ ನಾಲ್ಕು ಜನ ಪುರೋಹಿತರು, ಸಾಮಗ್ರಿ, ಇಟ್ಟಿಗೆ, ಮರಳು ಎಲ್ಲ ಸೇರಿ 21,000, ರಸೀದಿ ಸಮೇತ. ಆಪಸ್ತಂಬ ಬಲ್ಲವರು ಇದ್ದಾರೆ ಎಂದೂ ಬರೆದಿದ್ದರು. ಆದರೆ ಹೊರಗಿನ ಪುರೋಹಿತರಿಗೆ ಹೋಮಶಾಲೆ ಕೊಡುವುದಿಲ್ಲ.

ಇದೊಂದು ನುಂಗಲಾರದ ತುತ್ತು. ನಮ್ಮ ಪುರೋಹಿತರು ನನ್ನ ಉಪನಯನ ಮಾಡಿಸಿದವರು. ಅಪ್ಪನೇ ಹೋಗಿ ಮಾತಾಡಿದರು. "ನಾನು ಅತಿಥಿಯಾಗಿ ಬಂದು ಆಶೀರ್ವಾದ ಮಾಡ್ತೀನಿ ಬಿಡಿ, ನನ್ನ ಮಂಡಿಗೂ ವಯಸ್ಸಾಯ್ತು" ಎಂದರಂತೆ. ನಿಮ್ಮ ಮನೆಯಲ್ಲಿ ಇಷ್ಟು ಸುಲಭವಾಗಿ ಬಗೆಹರಿಯದೆ ಇರಬಹುದು. ಮನೆ ಪುರೋಹಿತರನ್ನು ಬಿಡಲಾಗದಿದ್ದರೆ ಉಳಿದ ಲೆಕ್ಕ ನೋಡುವ ಅಗತ್ಯವೇ ಇಲ್ಲ. ಹೊರಗಿನವರನ್ನು ಬಿಡುವ ದೇವಸ್ಥಾನಕ್ಕೇ ಹೋಗಿ.

ಎಲೆ ಲೆಕ್ಕ

ಮುಜರಾಯಿ ಭವನಕ್ಕೆ ನಮ್ಮ ಅಡುಗೆಯವರೇ ಬರಬಹುದು. ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಅಡುಗೆ, ಬಾಳೆಎಲೆ ಕಡ್ಡಾಯ, ಪ್ಲಾಸ್ಟಿಕ್ ಲೋಟ ತರುವ ಹಾಗಿಲ್ಲ. ನಮ್ಮ ಭಟ್ಟರು ತಿಂಡಿ, ಊಟ ಸೇರಿ ಎಲೆಗೆ 240 ಹೇಳಿದರು. ಪಾತ್ರೆ ಬಾಡಿಗೆ 2,500, ಕ್ಲೀನಿಂಗ್ 1,500, ಮೀಟರ್ ನೋಡಿ ಕರೆಂಟ್, ಅಂದಾಜು 1,100. ಟ್ರಸ್ಟಿನಲ್ಲಿ ಅವರ ಅಡುಗೆಯವರೇ ಆಗಬೇಕು. ಎಲೆಗೆ 280, ತೆರಿಗೆ ಸೇರಿ. ಪಾತ್ರೆ, ಕ್ಲೀನಿಂಗ್, ಕರೆಂಟ್ ಬೇರೆ ಇಲ್ಲ. ಆದರೆ ಕನಿಷ್ಠ 150 ಎಲೆಗೆ ಹಣ ಕಟ್ಟಬೇಕು, ಊಟಕ್ಕೆ ಎಷ್ಟೇ ಜನ ಬರಲಿ.

ಒಟ್ಟು ಹಾಕಿದೆವು. 150 ಜನಕ್ಕೆ ಮುಜರಾಯಿ ಭವನದಲ್ಲಿ ಬಾಡಿಗೆ 12,000, ಪಾತ್ರೆ, ಕ್ಲೀನಿಂಗ್, ಕರೆಂಟ್ ಸೇರಿ 5,100, ಊಟ 36,000, ಪುರೋಹಿತರದು ಸಾಮಗ್ರಿ, ರಸೀದಿ ಸೇರಿ 26,000. ಒಟ್ಟು 79,100. ಟ್ರಸ್ಟಿನಲ್ಲಿ ಬಾಡಿಗೆ 17,700, ಊಟ 42,000, ಹೋಮ 21,000. ಒಟ್ಟು 80,700. ಅರ್ಧಕ್ಕರ್ಧ ವ್ಯತ್ಯಾಸ ಕಂಡಿದ್ದು ಕೊನೆಗೆ ಬರೀ 1,600ಕ್ಕೆ ಬಂದು ನಿಂತಿತು.

ಆದರೆ ಜನ ಕಡಿಮೆಯಾದರೆ ಕಥೆ ಬೇರೆ. 110 ಜನ ಬಂದರೆ ಮುಜರಾಯಿ ಲೆಕ್ಕ 69,500ಕ್ಕೆ ಇಳಿಯುತ್ತದೆ. ಟ್ರಸ್ಟಿನದು 80,700ರಲ್ಲೇ ನಿಲ್ಲುತ್ತದೆ, ಕನಿಷ್ಠ ಎಲೆಯ ದೆಸೆಯಿಂದ. ಮಂಗಳವಾರ ಬೇರೆ, ಎಷ್ಟು ಜನಕ್ಕೆ ರಜೆ ಸಿಗುತ್ತದೆ? ಅಮ್ಮನ ಜೊತೆ ಕೂತು ಪಟ್ಟಿ ಮಾಡಿದೆ. ಖಂಡಿತ ಬರುವವರು 130. ಅಮ್ಮನ ಲೆಕ್ಕ ಯಾವತ್ತೂ ತಪ್ಪುವುದಿಲ್ಲ.

ಉತ್ತರ ಬಾರದ ಪ್ರಶ್ನೆ

ಟ್ರಸ್ಟಿನ ಪತ್ರದಲ್ಲಿ ಸೂತಕದ ಪ್ರಶ್ನೆಗೆ ಉತ್ತರವೇ ಇರಲಿಲ್ಲ. ದರಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ "30 ದಿನ ಮೊದಲು ರದ್ದು ಮಾಡಿದರೆ ಅರ್ಧ ವಾಪಸ್" ಎಂದಷ್ಟೇ ಇತ್ತು. ಸೂತಕ 30 ದಿನ ಮೊದಲೇ ಹೇಳಿ ಬರುತ್ತದೆಯೇ? ದಾಯಾದಿಗಳಲ್ಲಿ ವಯಸ್ಸಾದವರು ಇದ್ದಾರೆ. ಹೇಳಬಾರದು, ಆದರೂ ಯೋಚಿಸಲೇಬೇಕು. ಮುಜರಾಯಿಯವರು ಹಣ ವಾಪಸ್ ಇಲ್ಲ, ಆದರೆ ಆರು ತಿಂಗಳ ಒಳಗೆ ಒಂದು ಸಲ ದಿನ ಬದಲಾಯಿಸಿಕೊಡುತ್ತೇವೆ ಎಂದು ಸ್ಪಷ್ಟವಾಗಿ ಬರೆದಿದ್ದರು. ಈ ಒಂದು ವಿಷಯದಲ್ಲಿ ಅವರೇ ಮೇಲು.

ಹೋಮದ ಪ್ರಶ್ನೆಯಲ್ಲಿ ಟ್ರಸ್ಟ್ ಮೇಲು. ಮುಜರಾಯಿ ಭವನದಲ್ಲಿ ಹೋಮ ಹೊರಗಿನ ಶೀಟ್ ಹಾಕಿದ ಅಂಗಳದಲ್ಲಿ. ಎರಡು ಕಡೆ ತೆರೆದಿದೆ, ಆಗಸ್ಟಿನ ಮಳೆಗೆ ಎರಚಲು ಹೊಡೆಯುತ್ತದೆ. ನಾನೇ ಹೋಗಿ ನೋಡಿದೆ, ಕಂಬದ ಬುಡದಲ್ಲಿ ಮೊಣಕಾಲೆತ್ತರಕ್ಕೆ ಪಾಚಿ ಕಟ್ಟಿದೆ. ಟ್ರಸ್ಟಿನ ಹೋಮಶಾಲೆಯಲ್ಲಿ ಕಟ್ಟಿದ ಕುಂಡ, ಹೊಗೆ ಹೋಗಲು ಮೇಲೆ ಎತ್ತರಿಸಿದ ಮಾಡು, ಪಕ್ಕದಲ್ಲೇ ಕಲ್ಲುಹಾಸಿನ ಅಭಿಷೇಕದ ಜಾಗ, ಮೂಲೆಯಲ್ಲಿ ನೀರು ಹೋಗುವ ದಾರಿ. ಅಭಿಷೇಕ ಆದ ಮೇಲೆ ಅಪ್ಪ ಅಮ್ಮ ಒದ್ದೆ ಬಟ್ಟೆಯಲ್ಲಿ ಹತ್ತೇ ಹೆಜ್ಜೆ ನಡೆದರೆ ಕೋಣೆ. ಇನ್ನೊಂದು ಕಡೆ ಊಟದ ಹಾಲ್ ದಾಟಿ ಎಲ್ಲರೆದುರು ಹೋಗಬೇಕು.

ಹಾಗಾಗಿ ಟ್ರಸ್ಟಿಗೆ ಎರಡನೇ ಪತ್ರ ಬರೆದೆ. ಚಿಕ್ಕದು. "ವಾರದ ನಡುವಿನ ದಿನವಾದ್ದರಿಂದ ಕನಿಷ್ಠ ಎಲೆಯನ್ನು 130ಕ್ಕೆ ಇಳಿಸಬೇಕು. ಖಚಿತ ಸಂಖ್ಯೆಯನ್ನು 15 ದಿನ ಮೊದಲು ತಿಳಿಸುತ್ತೇವೆ. ಸೂತಕ ಬಂದರೆ ಒಂದು ಸಲ ದಿನ ಬದಲಾಯಿಸಿಕೊಡಬೇಕು. ಇವೆರಡನ್ನೂ ರಸೀದಿಯ ಮೇಲೆ ಬರೆದುಕೊಟ್ಟರೆ ಇಂದೇ ಮುಂಗಡ ಕಟ್ಟುತ್ತೇವೆ." ಮಂಗಳವಾರ ಅವರಿಗೂ ಬೇರೆ ಗಿರಾಕಿ ಇರಲಿಲ್ಲ ಅನಿಸುತ್ತದೆ. ವ್ಯವಸ್ಥಾಪಕರು ಎರಡಕ್ಕೂ ಒಪ್ಪಿದರು. 130 ಎಲೆಗೆ ಅಲ್ಲಿ ಒಟ್ಟು 75,100. ಅಷ್ಟೇ ಜನಕ್ಕೆ ಮುಜರಾಯಿ ಭವನದಲ್ಲಿ 74,300. ಎಂಟು ನೂರು ರೂಪಾಯಿಗೆ ಪಾತ್ರೆ ಎಣಿಸುವ, ನವಧಾನ್ಯ ಹುಡುಕುವ, ಮಳೆಗೆ ಹೆದರುವ ಕೆಲಸ ತಪ್ಪಿತು.

ಆದರೆ ನಮ್ಮ ಆಯ್ಕೆಯೇ ನಿಮ್ಮದೂ ಆಗಬೇಕಿಲ್ಲ. ಓಡಾಡಲು ಇಬ್ಬರು ಮೂವರು ಹುಡುಗರಿದ್ದಾರೆ, ಮಳೆಗಾಲ ಅಲ್ಲ, ನೂರರ ಒಳಗೆ ಜನ ಅಂತಾದರೆ ನಾನೂ ಮುಜರಾಯಿ ಭವನವನ್ನೇ ಹಿಡಿಯುತ್ತಿದ್ದೆ. ನಲವತ್ತು ಜನರ ನಾಮಕರಣಕ್ಕೆ ಎರಡೂ ಬೇಡ. ದೇವಸ್ಥಾನದಲ್ಲಿ ಒಂದು ಅಭಿಷೇಕ ಮಾಡಿಸಿ ಊಟಕ್ಕೆ ಮನೆಗೆ ಬನ್ನಿ. ಇನ್ನು ಶ್ರಾವಣ ಶನಿವಾರ ವೆಂಕಟರಮಣನ ಗುಡಿಯಲ್ಲಿ, ಸೋಮವಾರ ಈಶ್ವರನ ಗುಡಿಯಲ್ಲಿ ಹಾಲ್ ಕೇಳುವ ಮೊದಲು ಒಂದನೇ ಪ್ರಶ್ನೆಯನ್ನು ಎರಡು ಸಲ ಓದಿ. ಹಾಲ್ ಸಿಕ್ಕರೂ ದರ್ಶನದ ಸಾಲು ನಿಮ್ಮ ಊಟದ ಹಾಲ್ ಬಾಗಿಲಿಗೇ ಬಂದು ನಿಂತಿರುತ್ತದೆ.

ಮುಂಗಡ ಕಟ್ಟಿದ ದಿನ ರಸೀದಿಯ ಹಿಂದೆ ವ್ಯವಸ್ಥಾಪಕರು ಎರಡು ಸಾಲು ಬರೆದು ಸಹಿ ಮಾಡಿದರು. ಸೀಲು ಹಾಕಲು ಮರೆತಿದ್ದರು. ಅಪ್ಪ ಬಾಗಿಲವರೆಗೆ ಹೋದವರು ವಾಪಸ್ ಬಂದು ಹಾಕಿಸಿಕೊಂಡರು.